148 ಕಮಿಟ್‌ಗಳ ಸ್ಕ್ರೀನ್‌ಶಾಟ್: ಒಂದು ಪ್ರಾಜೆಕ್ಟ್ ಗುಂಪು ಕೆಲಸ ಹಂಚಿಕೊಂಡ ಪ್ರಕರಣ

ನಾನು ಗೈಡ್ ಆಗಿದ್ದ ಒಂದು ಫೈನಲ್ ಇಯರ್ ಗುಂಪಿನಲ್ಲಿ ನಡೆದದ್ದು ಇದು. ನಾಲ್ವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರುಗಳನ್ನು ಬದಲಿಸಿದ್ದೇನೆ, ಗುರುತು ಸಿಗುವಂಥ ಒಂದೆರಡು ವಿವರಗಳನ್ನೂ ತಿರುಗಿಸಿದ್ದೇನೆ. ಮೆಸೇಜುಗಳನ್ನು ಮಾತ್ರ ಹೆಚ್ಚುಕಡಿಮೆ ಅವರು ಬರೆದ ಹಾಗೇ ಇಟ್ಟಿದ್ದೇನೆ, ಯಾಕಂದರೆ ಇಲ್ಲಿ ನೋಡಬೇಕಾದದ್ದು ಆ ಮೆಸೇಜುಗಳನ್ನೇ.

ಗುಂಪು ಮತ್ತು ಕೆಲಸ

ಕಂಪ್ಯೂಟರ್ ಸೈನ್ಸ್ ವಿಭಾಗ, ನಾಲ್ವರು. ಹಾಸ್ಟೆಲ್ ಮೆಸ್‌ಗೆ ಒಂದು ಆ್ಯಪ್ ಮಾಡುವುದು ಅವರ ಪ್ರಾಜೆಕ್ಟ್. ನಾಳೆ ಊಟ ಬೇಡ ಅನ್ನುವವರು ಹಿಂದಿನ ರಾತ್ರಿ ಒಂಬತ್ತರೊಳಗೆ ಆ್ಯಪ್‌ನಲ್ಲಿ ಹೇಳಬೇಕು. ಬೆಳಗ್ಗೆ ಅಡುಗೆಯವರಿಗೆ ತಲೆ ಲೆಕ್ಕ ಸಿಗುತ್ತದೆ. ಕೌಂಟರ್‌ನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ತಟ್ಟೆ ಕೊಡುತ್ತಾರೆ. ತಿಂಗಳ ಕೊನೆಗೆ ಊಟ ಬಿಟ್ಟವರಿಗೆ ಬಿಲ್‌ನಲ್ಲಿ ರಿಬೇಟ್. ಫೋನ್‌ನಲ್ಲಿ ಫ್ಲಟರ್, ಸರ್ವರ್‌ನಲ್ಲಿ ಜ್ಯಾಂಗೋ, ಹಿಂದೆ ಪೋಸ್ಟ್‌ಗ್ರೆಸ್.

ಏಳನೇ ಸೆಮಿಸ್ಟರ್‌ನ ಶುರುವಿನಲ್ಲೇ ಕೆಲಸ ಹಂಚಿಕೊಂಡಿದ್ದರು. ಎಲ್ಲ ಗುಂಪುಗಳೂ ಹಂಚಿಕೊಳ್ಳುವ ಹಾಗೇ: ಬ್ಯಾಕೆಂಡ್ ಪೂರ್ಣಿಮಾಗೆ, ಫ್ರಂಟೆಂಡ್ ತೇಜಸ್‌ಗೆ, ಡೇಟಾಬೇಸ್ ವಿನಯ್‌ಗೆ, ಡಾಕ್ಯುಮೆಂಟೇಷನ್ ಸಹನಾಗೆ. ಸಿನಾಪ್ಸಿಸ್‌ನಲ್ಲಿ ಇದನ್ನು ಟೇಬಲ್ ಹಾಕಿ ಬರೆದಿದ್ದರು. ನಾನು ಸಹಿ ಹಾಕಿದ್ದೆ. ಈ ಹಂಚಿಕೆಯಲ್ಲೇ ಏನೋ ಎಡವಟ್ಟಿದೆ ಅಂತ ಅವತ್ತು ನನಗೂ ಹೊಳೆಯಲಿಲ್ಲ.

ಎಡವಟ್ಟು ಏನು ಅಂದರೆ, ಇಂಥ ಪ್ರಾಜೆಕ್ಟಿನಲ್ಲಿ ಡೇಟಾಬೇಸ್ ಅನ್ನುವುದು ಮೊದಲ ವಾರದ ಕೆಲಸ. ಆರೇಳು ಟೇಬಲ್ ಬರೆದರೆ ಮುಗಿಯಿತು. ಆಮೇಲೆ ವಿನಯ್‌ಗೆ ಹೆಸರಿಗೆ ಕೆಲಸ ಇದೆ, ನಿಜಕ್ಕೂ ಇಲ್ಲ. ಫ್ರಂಟೆಂಡ್‌ನವನು ಪ್ರತಿ ಸ್ಕ್ರೀನಿಗೂ ಬ್ಯಾಕೆಂಡ್‌ಗಾಗಿ ಕಾಯಬೇಕು. ಬ್ಯಾಕೆಂಡ್‌ನವಳು ಎಲ್ಲರಿಗೂ ದಾರಿ. ಅವಳು ಓಡಿದರೆ ಉಳಿದವರು ನಿಂತು ನೋಡಬೇಕು, ಅವಳು ನಿಂತರೆ ಎಲ್ಲರೂ ನಿಲ್ಲಬೇಕು.

ರಾತ್ರಿ 1:40ರ ಮೆಸೇಜ್

ಫೆಬ್ರವರಿ ಕೊನೆಯಲ್ಲಿ ಎರಡನೇ ರಿವ್ಯೂ ಆಯಿತು. ಡೆಮೊ ಮಧ್ಯದಲ್ಲಿ ಆ್ಯಪ್ ಎರಡು ಸಲ ನಿಂತಿತು. ಪ್ರಶ್ನೆಗಳಿಗೆಲ್ಲ ಪೂರ್ಣಿಮಾ ಒಬ್ಬಳೇ ಉತ್ತರ ಕೊಟ್ಟಳು. ಪ್ಯಾನೆಲ್‌ನಲ್ಲಿದ್ದ ಇನ್ನೊಬ್ಬ ಮೇಷ್ಟ್ರು, 'ಉಳಿದವರು ಬರೀ ನಿಂತ್ಕೊಳ್ಳೋಕೆ ಬಂದಿದ್ದೀರೇನ್ರಪ್ಪಾ?' ಅಂದರು. ಅವತ್ತು ರಾತ್ರಿ ಗುಂಪಿನ ವಾಟ್ಸಾಪ್‌ಗೆ ಪೂರ್ಣಿಮಾಳ ಮೆಸೇಜ್ ಬಂತು:

> ಗೈಸ್, ನನಗೆ ಸಾಕಾಗಿ ಹೋಗಿದೆ. ಇದು ಗ್ರೂಪ್ ಪ್ರಾಜೆಕ್ಟಾ, ನನ್ನೊಬ್ಬಳ ಪ್ರಾಜೆಕ್ಟಾ? ಸ್ಕ್ರೀನ್‌ಶಾಟ್ ನೋಡಿ. ನಾನು 148. ನೀವು ಮೂರೂ ಜನ ಸೇರಿ 25. ಇವತ್ತು ಎಲ್ಲರ ಮುಂದೆ ನಾನೊಬ್ಬಳೇ ಬೈಸ್ಕೊಂಡೆ. ನಾಳೆಯಿಂದ ಎಲ್ಲರೂ ಸೀರಿಯಸ್ಸಾಗಿ ಮಾಡಿ, ಇಲ್ಲಾಂದ್ರೆ ಸರ್‌ಗೆ ಹೇಳ್ತೀನಿ, ಆಮೇಲೆ ನನ್ನನ್ನ ಅನ್ಬೇಡಿ.

ಸ್ಕ್ರೀನ್‌ಶಾಟ್‌ನಲ್ಲಿ ಇದ್ದದ್ದು ಯಾರ ಹೆಸರಲ್ಲಿ ಎಷ್ಟು ಕಮಿಟ್, ಅಂದರೆ ಕೋಡ್ ಬದಲಿಸಿ ಗಿಟ್‌ನಲ್ಲಿ ದಾಖಲಿಸಿದ್ದು ಎಷ್ಟು ಸಲ ಅನ್ನುವ ಲೆಕ್ಕ:

```
$ git shortlog -sn --no-merges
   148  Poornima
    14  Tejas
     9  Vinay
     2  Sahana
```

ಬೆಳಗಾಗುವಷ್ಟರಲ್ಲಿ ಸಹನಾ ಗ್ರೂಪ್ ಬಿಟ್ಟಿದ್ದಳು. ತೇಜಸ್ ಬರೆದಿದ್ದ: 'ನನ್ನ ಕೋಡನ್ನ ಅಳಿಸಿ ನಿಂದು ಹಾಕ್ಕೊಂಡಿದ್ದು ಯಾರು?' ವಿನಯ್ ಒಂದು ಹೆಬ್ಬೆರಳು ಒತ್ತಿ ಸುಮ್ಮನಾಗಿದ್ದ. ಹತ್ತು ಗಂಟೆಗೆ ಪೂರ್ಣಿಮಾ ನನ್ನ ಟೇಬಲ್ ಮುಂದೆ ನಿಂತಿದ್ದಳು. ಕಣ್ಣು ಕೆಂಪಗಿತ್ತು. 'ಸರ್, ನಾನು ತಪ್ಪೇನು ಹೇಳಿದೆ? ನಂಬರ್ ಸುಳ್ಳಾ?' ಅಂದಳು.

ನಂಬರ್ ಸುಳ್ಳಲ್ಲ. ಆದರೆ ಅವಳು ಕೇಳಿದ ಪ್ರಶ್ನೆಗೆ ಅದು ಉತ್ತರವೂ ಅಲ್ಲ. ಅದು ಗೊತ್ತಾಗುವುದಕ್ಕೆ ನಮಗೆ ಎರಡು ದಿನ ಬೇಕಾಯಿತು.

ಚೀಟಿಗಳು

ಮೊದಲು ನಾಲ್ವರನ್ನೂ ಕರೆಸಿದೆ. ಯಾರೂ ಮಾತಾಡುವ ಹಾಗಿರಲಿಲ್ಲ, ಮಾತಾಡಿಸಲೂ ಇಲ್ಲ. ಒಂದೊಂದು ಚೀಟಿ ಕೊಟ್ಟು, 'ಇದುವರೆಗೆ ಆಗಿರೋ ಕೆಲಸದಲ್ಲಿ ನಿಮ್ಮ ಪಾಲು ನೂರಕ್ಕೆ ಎಷ್ಟು? ಬೇರೆಯವರದ್ದು ಬೇಡ, ನಿಮ್ಮದು ಮಾತ್ರ ಬರೀರಿ' ಅಂದೆ. ಪೂರ್ಣಿಮಾ 65, ತೇಜಸ್ 35, ಸಹನಾ 30, ವಿನಯ್ 15. ಬೋರ್ಡ್ ಮೇಲೆ ಕೂಡಿದೆ. 145.

ಇದು ನನ್ನ ಸ್ವಂತ ಉಪಾಯ ಅಲ್ಲ. ಮೈಕಲ್ ರಾಸ್ ಮತ್ತು ಫಿಯೋರ್ ಸಿಕೋಲಿ ಅನ್ನುವ ಮನಶ್ಶಾಸ್ತ್ರಜ್ಞರು 1979ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಗಂಡ ಹೆಂಡತಿಯರನ್ನು ಬೇರೆ ಬೇರೆಯಾಗಿ ಕೂರಿಸಿ, ಮನೆಗೆಲಸದಲ್ಲಿ ನಿಮ್ಮ ಪಾಲೆಷ್ಟು ಅಂತ ಕೇಳಿದ್ದರು. ಹೆಚ್ಚಿನ ಜೋಡಿಗಳಲ್ಲಿ ಇಬ್ಬರ ಪಾಲು ಕೂಡಿದರೆ ನೂರಕ್ಕಿಂತ ಜಾಸ್ತಿ ಬಂತು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ನಾವು ಮಾಡಿದ್ದು ನಮಗೆ ಒಂದೊಂದೂ ನೆನಪಿರುತ್ತದೆ, ಬೇರೆಯವರು ಮಾಡಿದ್ದರಲ್ಲಿ ಅರ್ಧ ನಮ್ಮ ಕಣ್ಣಿಗೇ ಬಿದ್ದಿರುವುದಿಲ್ಲ. ಇಷ್ಟನ್ನು ಹೇಳಿ, 'ಆ ಹೆಚ್ಚಿನ 45 ಎಲ್ಲಿಂದ ಬಂತು ಅಂತ ಹುಡುಕೋಣ' ಅಂದೆ. ಕೋಣೆಯಲ್ಲಿ ಸ್ವಲ್ಪ ಬಿಗಿ ಸಡಿಲವಾಯಿತು. ತೇಜಸ್ ನಕ್ಕ ಕೂಡ.

148 ಅನ್ನು ಬಿಡಿಸಿ ನೋಡಿದಾಗ

ಲ್ಯಾಬ್‌ನಲ್ಲಿ ಪ್ರೊಜೆಕ್ಟರ್ ಹಾಕಿ ರೆಪೊ ತೆರೆದೆವು. ಪೂರ್ಣಿಮಾ ಓಡಿಸಿದ್ದ ಕಮಾಂಡ್ ಲೆಕ್ಕ ಹಾಕುವುದು ಸದ್ಯ ನಿಂತಿರುವ ಬ್ರಾಂಚನ್ನು ಮಾತ್ರ. ಮರ್ಜ್ ಆಗದೆ ಬಿದ್ದಿರುವ ಬ್ರಾಂಚುಗಳು ಅದರಲ್ಲಿ ಬರುವುದಿಲ್ಲ. `--all` ಸೇರಿಸಿ ಓಡಿಸಿದಾಗ ತೇಜಸ್‌ನ 14 ಇದ್ದದ್ದು 51 ಆಯಿತು. 37 ಕಮಿಟ್‌ಗಳು ಅವನ ಮೂರು ಬ್ರಾಂಚುಗಳಲ್ಲಿ ನವೆಂಬರ್‌ನಿಂದ ಹಾಗೇ ಕೂತಿದ್ದವು.

ಯಾಕೆ ಕೂತಿದ್ದವು? ಇದೇ ಪ್ರಕರಣದ ಮೊದಲ ತಿರುವು. ನವೆಂಬರ್‌ನಲ್ಲಿ ತೇಜಸ್ ಮೆನು ಸ್ಕ್ರೀನ್ ಮಾಡಿ ಪುಲ್ ರಿಕ್ವೆಸ್ಟ್ ಹಾಕಿದ್ದ. ಅದರಲ್ಲಿ ತಪ್ಪುಗಳಿದ್ದವು: ಸರ್ವರ್ ವಿಳಾಸವನ್ನು ಕೋಡ್ ಒಳಗೇ ಬರೆದಿದ್ದ, ನೆಟ್ ಇಲ್ಲದಿದ್ದರೆ ಸ್ಕ್ರೀನ್ ಖಾಲಿ ಕಾಣುತ್ತಿತ್ತು. ಪೂರ್ಣಿಮಾ ಅದನ್ನು ನೋಡಿ ಒಂದೇ ಒಂದು ಕಾಮೆಂಟ್ ಬರೆಯಲಿಲ್ಲ. ರಾತ್ರಿ ಕೂತು ಅವನ ಫೈಲುಗಳನ್ನು ತನ್ನ ಬ್ರಾಂಚಿಗೆ ಕಾಪಿ ಮಾಡಿಕೊಂಡು, ತಿದ್ದಿ, ತನ್ನ ಹೆಸರಲ್ಲೇ ಮರ್ಜ್ ಮಾಡಿದಳು. ಕೇಳಿದ್ದಕ್ಕೆ, 'ಸರ್, ಹೇಳಿಕೊಡೋಕೆ ಎರಡು ಗಂಟೆ ಬೇಕು. ನಾನೇ ಮಾಡಿದ್ರೆ ಅರ್ಧ ಗಂಟೆ' ಅಂದಳು. ಅವತ್ತಿನ ಮಟ್ಟಿಗೆ ಅದು ನಿಜ. ಇನ್ನೂ ಎರಡು ಸ್ಕ್ರೀನಿಗೆ ಹೀಗೇ ಆಯಿತು. ಆಮೇಲೆ ತೇಜಸ್ ಕಳಿಸುವುದನ್ನೇ ನಿಲ್ಲಿಸಿದ. 'ಹೇಗಿದ್ರೂ ಅವಳು ಬದಲಾಯಿಸ್ತಾಳಲ್ಲ' ಅಂದ. ಉಳಿಸಿದ ಒಂದೂವರೆ ಗಂಟೆಗೆ ಒಬ್ಬ ಪ್ರೋಗ್ರಾಮರ್ ಹೋದ.

148ರಲ್ಲಿ 43 ಕಮಿಟ್‌ಗಳ ಹೆಸರು ಬರೀ `fix`, `fix again`, `final fix`. ಒಂದು ಕಮಿಟ್‌ನಲ್ಲಿ ನಾಲ್ಕು ಸಾವಿರ ಸಾಲು ಸೇರಿತ್ತು. ತೆರೆದು ನೋಡಿದರೆ ಬಹುಪಾಲು ಟೂಲ್ ತಾನೇ ಬರೆದ `.g.dart` ಫೈಲುಗಳು. ಹಾಗಂತ ಪೂರ್ಣಿಮಾ ಕೆಲಸ ಕಡಿಮೆ ಮಾಡಿದ್ದಳು ಅಂತ ಅಲ್ಲ. ಜ್ಯಾಂಗೋ ಕಡೆಯದು ಹೆಚ್ಚುಕಡಿಮೆ ಪೂರ್ತಿ ಅವಳದ್ದೇ, ಅದೂ ಚೆನ್ನಾಗಿಯೇ ಇತ್ತು. ಕಮಿಟ್ ಎಣಿಸುವುದು ಅಂದರೆ ಅಡುಗೆಯನ್ನು ಒಲೆ ಹಚ್ಚಿದ ಸಲದಿಂದ ಅಳೆದ ಹಾಗೆ, ಅಷ್ಟೇ.

ಸಹನಾಳ ಎರಡು ಕಮಿಟ್‌ಗಳಲ್ಲಿ ಒಂದು 412 ವಿದ್ಯಾರ್ಥಿಗಳ ಪಟ್ಟಿ. ಹಾಸ್ಟೆಲ್ ಆಫೀಸಿನಲ್ಲಿ ಮೂರು ಬೇರೆ ಬೇರೆ ಎಕ್ಸೆಲ್ ಶೀಟು, ಒಂದು ಕೈಬರಹದ ರಿಜಿಸ್ಟರ್ ಇತ್ತಂತೆ. ಒಬ್ಬನೇ ಹುಡುಗ ಮೂರು ಸ್ಪೆಲಿಂಗ್‌ನಲ್ಲಿ ಇದ್ದನಂತೆ. ಅದನ್ನು ಒಂದು ಮಾಡಲು ಅವಳು ಆಫೀಸಿಗೆ ಒಂಬತ್ತು ಸಲ ಹೋಗಿದ್ದಳು. ರಿವ್ಯೂ ರಿಪೋರ್ಟು, ಪಿಪಿಟಿ, ವಾರ್ಡನ್ ಸಹಿ, ಮೆಸ್ ಮ್ಯಾನೇಜರ್ ಜೊತೆ ಮಾತು, ಎಲ್ಲ ಅವಳದ್ದೇ. ಇದ್ಯಾವುದೂ `shortlog`ಗೆ ಗೊತ್ತಿಲ್ಲ. ಪೂರ್ಣಿಮಾಗೂ ಗೊತ್ತಿರಲಿಲ್ಲ. 'ಲಿಸ್ಟ್ ಆಫೀಸಿನವರೇ ಕೊಟ್ರು ಅಂದ್ಕೊಂಡಿದ್ದೆ' ಅಂದಳು.

ಉಳಿದದ್ದು ವಿನಯ್. ಅವನು ಡಿಸೆಂಬರ್‌ನಿಂದ ನಿಜಕ್ಕೂ ಏನೂ ಮಾಡಿರಲಿಲ್ಲ. ಎರಡು ಬ್ಯಾಕ್‌ಲಾಗ್ ಇದ್ದವು, ಅದು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದ್ದು ಬೇರೆ. ಅವನ ಲ್ಯಾಪ್‌ಟಾಪ್‌ನಲ್ಲಿ ಇದ್ದದ್ದು 4 ಜಿಬಿ ರ್‍ಯಾಮ್. ಆಂಡ್ರಾಯ್ಡ್ ಎಮ್ಯುಲೇಟರ್ ತೆರೆದರೆ ಯಂತ್ರ ಕಲ್ಲಾಗಿ ಕೂರುತ್ತಿತ್ತು. ಸರ್ವರ್ ಓಡಿಸುವ ಮುಂಚೆ `migrate` ಹೊಡೆದರೆ ಈ ಸಾಲು:

```
CommandError: Conflicting migrations detected; multiple leaf nodes
in the migration graph
```

ಅವನೂ ಪೂರ್ಣಿಮಾಳೂ ಒಂದೇ ವಾರ ಬೇರೆ ಬೇರೆಯಾಗಿ ಟೇಬಲ್ ಬದಲಿಸಿದ್ದರಿಂದ ಬಂದದ್ದು ಅದು. ಅವಳ ಯಂತ್ರದಲ್ಲಿ ಅವಳು ಹೇಗೋ ದಾಟಿಕೊಂಡಿದ್ದಳು. ಇವನಲ್ಲಿ ಅದು ಹಾಗೇ ನಿಂತಿತ್ತು. ಕೇಳಬಹುದಿತ್ತಲ್ಲ? 'ಡೇಟಾಬೇಸ್ ನಂದೇ ಅಂತ ಬರೆದಿದೆ ಸರ್. ಅದರಲ್ಲೇ ಎರರ್ ಬಂದಿದೆ ಅಂತ ಹೇಗೆ ಕೇಳ್ಲಿ?' ಅಂದ. ಪೂರ್ಣಿಮಾ ಅವನ ಪಕ್ಕ ಕೂತು `python manage.py makemigrations --merge` ಹೊಡೆದಳು, ಆಮೇಲೆ `migrate`. ಹತ್ತು ನಿಮಿಷ. ಎಮ್ಯುಲೇಟರ್ ಬದಲು ಅವನ ಫೋನನ್ನೇ ಕೇಬಲ್ ಹಾಕಿ, ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ ಆ್ಯಪ್ ಓಡಿಸಿದರು. ಎರಡೂವರೆ ತಿಂಗಳು ನಿಂತಿದ್ದ ಗಾಡಿ ಅರ್ಧ ಗಂಟೆಯಲ್ಲಿ ಹೊರಟಿತು. ಎರಡೂವರೆ ತಿಂಗಳು ಬಾಯಿ ಬಿಡದೆ ಇದ್ದದ್ದು ಅವನ ತಪ್ಪೇ, ಅದನ್ನು ಅವನಿಗೆ ಹೇಳಿದೆ ಕೂಡ.

ಗಂಟೆಯ ಲೆಕ್ಕ

ಶನಿವಾರ ಮತ್ತೆ ಸೇರಿದೆವು. ಹಿಂದೆ ಯಾರು ಎಷ್ಟು ಮಾಡಿದರು ಅನ್ನುವ ಮಾತನ್ನು ಅಲ್ಲಿಗೆ ಬಿಟ್ಟು, ಮುಂದೆ ಉಳಿದಿರುವುದನ್ನು ಮಾತ್ರ ಹಾಳೆಯಲ್ಲಿ ಬರೆಯಲು ಹೇಳಿದೆ. ಕೋಡ್ ಒಂದೇ ಅಲ್ಲ, ರಿಪೋರ್ಟ್ ಬೈಂಡಿಂಗ್‌ನಿಂದ ಹಿಡಿದು ಮೆಸ್‌ನಲ್ಲಿ ಟ್ರಯಲ್ ಮಾಡುವವರೆಗೆ ಎಲ್ಲ. 23 ಕೆಲಸ ಬಂದವು. ಒಂದೊಂದಕ್ಕೂ ಗಂಟೆ ಅಂದಾಜು ಹಾಕಿದರು. ಅಂದಾಜು ಹಾಕುವಾಗ ಒಂದು ಕಟ್ಟು ಮಾಡಿದ್ದೆ: ಆ ಕೆಲಸವನ್ನು ಈಗಾಗಲೇ ಬಲ್ಲವರ ಗಂಟೆ ಅಲ್ಲ, ಮಾಡುವವರ ಗಂಟೆ. ರಿಬೇಟ್ ವರದಿ ಪೂರ್ಣಿಮಾಗೆ ಮೂರು ಗಂಟೆ, ಸಹನಾಗೆ ಹತ್ತು. ಹತ್ತು ಅಂತಲೇ ಬರೆಯಬೇಕು. ಇಲ್ಲದಿದ್ದರೆ ನಾಲ್ಕನೇ ಗಂಟೆಗೇ ಅವಳು ಹಿಂದೆ ಬಿದ್ದಳು ಅಂತ ಅನ್ನಿಸಿಬಿಡುತ್ತದೆ.

ಒಟ್ಟು 92 ಗಂಟೆ ಬಂತು. ಉಳಿದಿದ್ದದ್ದು ನಾಲ್ಕು ವಾರ. ಯಾರ ಹತ್ತಿರ ವಾರಕ್ಕೆ ನಿಜವಾಗಿ ಎಷ್ಟು ಗಂಟೆ ಇದೆ ಅಂತ ಕೇಳಿದೆ. ಪೂರ್ಣಿಮಾ 8, ತೇಜಸ್ 8, ಸಹನಾ 6, ವಿನಯ್ 4. ನಾಲ್ಕು ವಾರಕ್ಕೆ 104. ಹನ್ನೆರಡು ಗಂಟೆ ಕೈಯಲ್ಲಿ ಉಳಿಯುತ್ತದೆ, ಏನಾದರೂ ಕೆಟ್ಟರೆ ಆಗುತ್ತದೆ.

ಇಲ್ಲಿ ಪೂರ್ಣಿಮಾ ತಕರಾರು ತೆಗೆದಳು. 'ವಿನಯ್‌ಗೆ ಮಾತ್ರ ಯಾಕೆ ನಾಲ್ಕು? ಇದುವರೆಗೂ ಮಾಡಿಲ್ಲ, ಇನ್ನೂ ಕಡಿಮೆನಾ?' ನ್ಯಾಯವಾದ ಪ್ರಶ್ನೆ. ವಿನಯ್ ಎಂಟು ಅಂತ ಬರೆದು ನಾಲ್ಕು ಮಾಡಿದರೆ ಉಳಿದ ನಾಲ್ಕು ಗಂಟೆ ಯಾರ ತಲೆಗೆ ಬರುತ್ತದೆ ಅಂತ ಕೇಳಿದೆ. ಅವಳಿಗೇ ಗೊತ್ತಿತ್ತು. ಕೊನೆಗೆ ಹೀಗೆ ಒಪ್ಪಿದರು: ನಾಲ್ಕೇ ಇರಲಿ, ಆದರೆ ರಿಪೋರ್ಟಿನ ಕೊನೆಯ ಪುಟದಲ್ಲಿ ಯಾರು ಏನು ಮಾಡಿದರು ಅಂತ ಬರೆಯಬೇಕು. ಇಂಟರ್ನಲ್ ಮಾರ್ಕ್ಸನ್ನು ನಾನು ಆ ಪುಟ ನೋಡಿ ಕೊಡುತ್ತೇನೆ, ನಾಲ್ವರಿಗೂ ಒಂದೇ ಕೊಡುವುದಿಲ್ಲ. ವಿನಯ್ ಆಯ್ತು ಅಂದ. ನನಗೆ ಅನ್ನಿಸುವ ಹಾಗೆ, ಕಡಿಮೆ ಮಾಡುತ್ತೇನೆ ಅಂತ ಬಾಯಿಬಿಟ್ಟು ಹೇಳುವ ಅವಕಾಶ ಸಿಕ್ಕಿದ್ದೇ ಅವನಿಗೆ ನಿರಾಳವಾಯಿತು.

ಎರಡನೇ ಮೆಸೇಜ್

ಹಂಚಿಕೆಯನ್ನು ನಾನು ಬರೆಯಲಿಲ್ಲ. ಪೂರ್ಣಿಮಾಗೆ, 'ಮೊದಲನೇ ಮೆಸೇಜ್ ಬರೆದಿದ್ದು ನೀನು. ಎರಡನೆಯದನ್ನೂ ನೀನೇ ಬರಿ. ಬೆಳಗ್ಗೆ ಬರಿ, ಕಳಿಸೋ ಮುಂಚೆ ಒಂದು ಸಲ ತೋರಿಸು' ಅಂದೆ. ಅವಳು ಮೊದಲು ತಂದದ್ದರಲ್ಲಿ 'ಎಲ್ಲರೂ ಸಮಾನವಾಗಿ ಜವಾಬ್ದಾರಿ ತಗೋಬೇಕು' ಅನ್ನುವ ಥರದ ಐದು ವಾಕ್ಯಗಳಿದ್ದವು. ಇದನ್ನು ಓದಿದ ತೇಜಸ್ ಇವತ್ತು ಸಂಜೆ ಯಾವ ಫೈಲ್ ತೆರೆಯಬೇಕು ಅಂತ ಕೇಳಿದೆ. ಅವಳು ಹಾಳೆ ವಾಪಸ್ ತಗೊಂಡು ಹೋದಳು. ಭಾನುವಾರ ಬೆಳಗ್ಗೆ ಕಳಿಸಿದ್ದು ಇದು:

> ತೇಜಸ್, ಸಹನಾ, ವಿನಯ್,
>
> ಮೊನ್ನೆ ರಾತ್ರಿ ಆ ಸ್ಕ್ರೀನ್‌ಶಾಟ್ ಹಾಕಿದ್ದು ತಪ್ಪಾಯ್ತು. ತೇಜಸ್, ನಿನ್ನ ಮೂರು ಸ್ಕ್ರೀನ್ ನಿನ್ನನ್ನ ಕೇಳದೆ ಬದಲಾಯಿಸಿ ನನ್ನ ಹೆಸರಲ್ಲಿ ಹಾಕಿದ್ದೆ. ಸಹನಾ, ಆ ಲಿಸ್ಟ್ ನೀನು ಮಾಡಿದ್ದು ಅಂತ ನಂಗೆ ಗೊತ್ತೇ ಇರ್ಲಿಲ್ಲ. ಸಾರಿ.
>
> ಆದ್ರೆ ನಂಗೆ ಸುಸ್ತಾಗಿದೆ ಅನ್ನೋದು ನಿಜ. ಜನವರಿಯಿಂದ ವಾರಕ್ಕೆ ಇಪ್ಪತ್ತು ಗಂಟೆ ಇದಕ್ಕೇ ಹೋಗ್ತಿದೆ. ಇನ್ನು ಹಾಗೆ ಆಗಲ್ಲ. ನಾನು ವಾರಕ್ಕೆ ಎಂಟು ಗಂಟೆ ಮಾಡ್ತೀನಿ.
>
> ನಿನ್ನೆ ಮಾತಾಡಿದ ಪ್ರಕಾರ:
>
> ತೇಜಸ್: ಊಟ ರದ್ದು ಮಾಡೋದು ಪೂರ್ತಿ. ಸ್ಕ್ರೀನೂ ನಿಂದೇ, ಎಪಿಐನೂ ನಿಂದೇ. ರಾತ್ರಿ 9 ಆದ್ಮೇಲೆ ರದ್ದು ಮಾಡೋಕೆ ಬಿಡಬಾರದು, ಅದು ಸರ್ವರ್ ಕಡೆ ಚೆಕ್ ಆಗ್ಬೇಕು. 15ನೇ ತಾರೀಖು.
>
> ವಿನಯ್: ಕೌಂಟರ್ ಸ್ಕ್ಯಾನ್ ಪೇಜ್. ಒಂದೇ ಕ್ಯೂಆರ್ ಎರಡು ಸಲ ಸ್ಕ್ಯಾನ್ ಆದ್ರೆ ಕೆಂಪು ತೋರಿಸ್ಬೇಕು. 15ನೇ ತಾರೀಖು. ಆಮೇಲೆ ಎಸ್ಎಂಎಸ್ ಅಲರ್ಟ್, 24ಕ್ಕೆ.
>
> ಸಹನಾ: ರಿಬೇಟ್ ವರದಿ. ಮೊದಲ ಎರಡು ಸಲ ನಾನು ಪಕ್ಕದಲ್ಲಿ ಕೂತಿರ್ತೀನಿ, ಕೀಬೋರ್ಡ್ ನಿನ್ನ ಕೈಲಿ. 20ನೇ ತಾರೀಖು. ರಿಪೋರ್ಟ್‌ನ ಮೂರು ಚಾಪ್ಟರ್ ನಾವು ಮೂವರು ತಲಾ ಒಂದು ಬರೀತೀವಿ, ನೀನು ಕೊನೆಗೆ ಜೋಡಿಸಿದ್ರೆ ಸಾಕು.
>
> ನಾನು: ಹೊಸ ಫೀಚರ್ ಏನೂ ಮಾಡಲ್ಲ. ಸೆಟಪ್ ಹೇಗೆ ಮಾಡೋದು ಅಂತ ರೀಡ್‌ಮಿ ಬುಧವಾರದೊಳಗೆ. ಆಮೇಲೆ ರಿವ್ಯೂ, ಡಿಪ್ಲಾಯ್. ಪುಲ್ ರಿಕ್ವೆಸ್ಟ್‌ಗೆ 24 ಗಂಟೆಯೊಳಗೆ ಕಾಮೆಂಟ್ ಹಾಕ್ತೀನಿ. ತಿದ್ದೋದು ನೀವೇ, ನಾನು ಮುಟ್ಟಲ್ಲ.
>
> ಒಂದು ಗಂಟೆ ಒಂದೇ ಕಡೆ ಸಿಕ್ಕಾಕೊಂಡ್ರೆ ಎರರ್ ಹಾಗೇ ಗ್ರೂಪಲ್ಲಿ ಹಾಕಿ. ಯಾರೂ ನಗಲ್ಲ. ತಾರೀಖಿಗೆ ಆಗಲ್ಲ ಅಂತ ಗೊತ್ತಾದ್ರೆ ಎರಡು ದಿನ ಮುಂಚೆ ಹೇಳಿ, ಬದಲಾಯಿಸೋಣ.
>
> ನಿಮ್ಮದರಲ್ಲಿ ಏನಾದ್ರೂ ಬದಲಾಯಿಸ್ಬೇಕಾ? ನಾಳೆ ರಾತ್ರಿಯೊಳಗೆ ಹೇಳಿ.

ಈ ಮೆಸೇಜ್‌ನಲ್ಲಿ ಬರವಣಿಗೆಯ ಚಂದ ಏನೂ ಇಲ್ಲ. ಆದರೆ ಮೊದಲನೆಯದರ ಪಕ್ಕ ಇಟ್ಟು ನೋಡಿ. ಮೊದಲನೆಯದು ಹೇಳಿದ್ದು 'ಸೀರಿಯಸ್ಸಾಗಿ ಮಾಡಿ'. ಅದಕ್ಕೆ ಹೂಂ ಅನ್ನಬಹುದು, ಉಹೂಂ ಅನ್ನಬಹುದು, ಮಾಡಲು ಏನೂ ಇಲ್ಲ. ಇದರಲ್ಲಿ 'ಎರಡು ಸಲ ಸ್ಕ್ಯಾನ್ ಆದ್ರೆ ಕೆಂಪು' ಅಂತ ಇದೆ. ಮುಗಿಯಿತೋ ಇಲ್ಲವೋ ಅಂತ ಯಾರು ಬೇಕಾದರೂ ಫೋನ್ ಹಿಡಿದು ನೋಡಬಹುದು. ಸುಸ್ತಾಗಿದೆ ಅನ್ನುವುದನ್ನೂ ಅವಳು ಬಿಟ್ಟುಕೊಟ್ಟಿಲ್ಲ. ಗಂಟೆ ಹೇಳಿ ಹೇಳಿದ್ದಾಳೆ, ಯಾರ ಜೊತೆಗೂ ಹೋಲಿಸಿಲ್ಲ. ಸಾರಿ ಅಂದಿದ್ದೂ ಸುಮ್ನೆ ಅಲ್ಲ, ಯಾವುದಕ್ಕೆ ಅಂತ ಇದೆ.

ಇನ್ನೊಂದು ಸೂಕ್ಷ್ಮ. ಹಂಚಿಕೆ ಈಗ ಪದರ ಪದರವಾಗಿ ಇಲ್ಲ. ಬ್ಯಾಕೆಂಡ್ ಒಬ್ಬರು, ಫ್ರಂಟೆಂಡ್ ಒಬ್ಬರು ಅನ್ನುವುದು ಹೋಗಿ, ಒಂದು ಫೀಚರ್ ಮೇಲಿಂದ ಕೆಳಗಿನವರೆಗೆ ಒಬ್ಬರದ್ದು. ತೇಜಸ್‌ಗೆ ಜ್ಯಾಂಗೋ ಅಷ್ಟಾಗಿ ಬರುತ್ತಿರಲಿಲ್ಲ, ಅದಕ್ಕೆ ಮೊದಲ ವಾರ ನಿಧಾನವಾಯಿತು. ಆದರೆ ಯಾರಿಗೂ ಕಾಯಬೇಕಾಗಲಿಲ್ಲ.

ಪೂರ್ಣಿಮಾಗೆ ಕಷ್ಟವಾದದ್ದು 'ನಾನು ಮುಟ್ಟಲ್ಲ' ಅನ್ನುವ ಎರಡು ಪದ. ಕಳಿಸುವ ಮುಂಚೆ ಅದನ್ನು ಎರಡು ಸಲ ಅಳಿಸಿ ಬರೆದಳಂತೆ.

ನಾಲ್ಕು ವಾರ

ತೇಜಸ್ 13ಕ್ಕೇ ಮುಗಿಸಿದ. ಅವನ ಪುಲ್ ರಿಕ್ವೆಸ್ಟ್‌ಗೆ ಪೂರ್ಣಿಮಾ ಹನ್ನೊಂದು ಕಾಮೆಂಟ್ ಬರೆದಳು. ಅವನು ಹತ್ತನ್ನು ತಿದ್ದಿ, ಒಂದಕ್ಕೆ 'ಇದು ಹೀಗೇ ಸರಿ' ಅಂತ ವಾದ ಮಾಡಿ ಗೆದ್ದ. ವಿನಯ್‌ನ ಸ್ಕ್ಯಾನ್ ಪೇಜ್ ಒಂದು ದಿನ ತಡವಾಗಿ ಬಂತು, ಚೆನ್ನಾಗಿ ಬಂತು.

ಸಹನಾಳ ಕೆಲಸದಲ್ಲಿ ಯಾರೂ ಎಣಿಸದ್ದು ನಡೆಯಿತು. ಪೂರ್ಣಿಮಾ ಜನವರಿಯಲ್ಲೇ ರಿಬೇಟ್ ಲೆಕ್ಕದ ಒಂದು ತುಣುಕು ಬರೆದಿಟ್ಟಿದ್ದಳು: ಬಿಟ್ಟ ಪ್ರತಿ ಊಟಕ್ಕೂ ದುಡ್ಡು ಕಳೆಯುವುದು. ಸಹನಾ ಅದನ್ನು ಓದಿ, 'ಇದು ತಪ್ಪು ಕಣೇ' ಅಂದಳು. ಆ ಹಾಸ್ಟೆಲ್‌ನಲ್ಲಿ ಸತತ ಮೂರು ದಿನ ಇಲ್ಲದಿದ್ದರೆ ಮಾತ್ರ ರಿಬೇಟ್. ಒಂದು ಹೊತ್ತು ಬಿಟ್ಟರೆ ಅಡುಗೆಗೆ ಲೆಕ್ಕ ಸಿಗುತ್ತದೆಯೇ ಹೊರತು ಬಿಲ್‌ನಲ್ಲಿ ಏನೂ ಕಡಿಮೆ ಆಗುವುದಿಲ್ಲ. ಆಫೀಸಿಗೆ ಒಂಬತ್ತು ಸಲ ಹೋಗಿ, ಮೆಸ್ ಮ್ಯಾನೇಜರ್ ಜೊತೆ ಮಾತಾಡಿದವಳಿಗೆ ಇದು ಬಾಯಿಪಾಠ, ಕೋಡ್ ಬರೆದವಳಿಗೆ ಗೊತ್ತೇ ಇರಲಿಲ್ಲ. ಫೈನಲ್ ಡೆಮೊದಲ್ಲಿ ವಾರ್ಡನ್ ಮುಂದೆ ಆ ಬಿಲ್ ಬಂದಿದ್ದರೆ ಏನಾಗುತ್ತಿತ್ತು ಅಂತ ಊಹಿಸಿ. ಕಮಿಟ್ ಇಬ್ಬರ ಹೆಸರಲ್ಲೂ ಹೋಯಿತು:

```
Rebate: only for gaps of 3 or more days

Co-authored-by: Poornima <poornima@example.com>
```

ಒಂದೇ ಲ್ಯಾಪ್‌ಟಾಪ್ ಮುಂದೆ ಇಬ್ಬರು ಕೂತಾಗ ಈ ಕೊನೆಯ ಸಾಲು ಬೇಕು, ಮೇಲೆ ಒಂದು ಸಾಲು ಖಾಲಿ ಬಿಟ್ಟು. ಮಾಮೂಲಿ `shortlog` ಇದನ್ನು ಎಣಿಸುವುದಿಲ್ಲ. ಎಣಿಸಬೇಕಾದರೆ `git shortlog -ns --group=author --group=trailer:co-authored-by` ಅಂತ ಕೊಡಬೇಕು.

ಕೆಟ್ಟದ್ದೂ ಆಯಿತು. 24ನೇ ತಾರೀಖು ವಿನಯ್‌ನ ಎಸ್ಎಂಎಸ್ ಅಲರ್ಟ್ ಬರಬೇಕಿತ್ತು. 22ಕ್ಕೆ ಅವನು ಏನೂ ಹೇಳಲಿಲ್ಲ. 24ಕ್ಕೂ ಇಲ್ಲ, ಫೋನ್ ತೆಗೆಯಲಿಲ್ಲ. ಅವತ್ತು ರಾತ್ರಿ ಹನ್ನೊಂದಕ್ಕೆ ಪೂರ್ಣಿಮಾ ನನಗೆ ಮೆಸೇಜ್ ಮಾಡಿದಳು: 'ಸರ್, ಎರಡು ಗಂಟೆ ಕೂತ್ರೆ ನಾನೇ ಮಾಡಿಬಿಡ್ತೀನಿ.' ಇದು ಎರಡನೇ ತಿರುವು. ನವೆಂಬರ್‌ನಲ್ಲಿ ಇದೇ ವಾಕ್ಯದಿಂದಲೇ ಎಲ್ಲ ಶುರುವಾದದ್ದು. ಬೆಳಗ್ಗೆ ಮೂವರು ಸೇರಿ ತೀರ್ಮಾನ ಮಾಡಿ ಅಂದೆ. ಅವರು ಆ ಕೆಲಸವನ್ನು ಯಾರ ತಲೆಗೂ ಹಾಕಲಿಲ್ಲ. ಫೀಚರನ್ನೇ ಕೈಬಿಟ್ಟರು. ಆ್ಯಪ್ ಒಳಗೇ ನೋಟಿಫಿಕೇಷನ್ ಬರುತ್ತಿತ್ತು, ಎಸ್ಎಂಎಸ್ ಇಲ್ಲದಿದ್ದರೆ ಯಾರೂ ಹಸಿದು ಕೂರುತ್ತಿರಲಿಲ್ಲ. ವಿನಯ್‌ಗೆ ಎರಡು ಸಾಲು ಬರೆದರು: ಎಸ್ಎಂಎಸ್ ತೆಗೆದಿದ್ದೇವೆ, ನಿನ್ನ ಹೆಸರಲ್ಲಿ ಸ್ಕ್ಯಾನ್ ಪೇಜ್ ಇದೆ, ವೈವಾದಲ್ಲಿ ಅದನ್ನು ನೀನೇ ವಿವರಿಸಬೇಕು. ಬೈಗುಳ ಇರಲಿಲ್ಲ.

ಫೈನಲ್ ಡೆಮೊ ನಿಲ್ಲದೆ ನಡೆಯಿತು. ಹೊರಗಿನಿಂದ ಬಂದ ಎಕ್ಸಾಮಿನರ್ ವಿನಯ್‌ಗೆ, ನೆಟ್ ಹೋದಾಗ ಎರಡು ಕೌಂಟರ್‌ನಲ್ಲಿ ಒಂದೇ ಕ್ಯೂಆರ್ ತೋರಿಸಿದರೆ ಏನಾಗುತ್ತದೆ ಅಂತ ಕೇಳಿದರು. 'ಎರಡೂ ಕಡೆ ಊಟ ಸಿಗುತ್ತೆ ಸರ್, ಅದನ್ನ ತಡೆಯೋಕೆ ಆಗಿಲ್ಲ' ಅಂದ. ಸರಿಯಾದ ಉತ್ತರ. ಉಳಿದ ಪ್ರಾಜೆಕ್ಟಿನ ಬಗ್ಗೆ ಕೇಳಿದಾಗ ತಡವರಿಸಿದ.

ಆ ನಾಲ್ಕು ವಾರದ ಗಂಟೆಗಳನ್ನು ಅವರೇ ಬರೆದಿಟ್ಟಿದ್ದರು. ತೇಜಸ್ 34, ಸಹನಾ 27, ವಿನಯ್ 11. ಪೂರ್ಣಿಮಾ 41, ಅಂದರೆ ಒಪ್ಪಿಕೊಂಡಿದ್ದ 32ಕ್ಕಿಂತ ಒಂಬತ್ತು ಜಾಸ್ತಿ. ಡಿಪ್ಲಾಯ್ ಮಾಡುವಾಗ ಸರ್ಟಿಫಿಕೇಟ್ ತೊಂದರೆಯಲ್ಲಿ ಒಂದು ಭಾನುವಾರ ಪೂರ್ತಿ ಹೋಗಿತ್ತು. ಸಮವಾಗಲಿಲ್ಲ. ಇಂಟರ್ನಲ್‌ನಲ್ಲಿ ನಾಲ್ವರಿಗೂ ಬೇರೆ ಬೇರೆ ಮಾರ್ಕ್ಸ್ ಕೊಟ್ಟೆ. ವಿನಯ್‌ಗೆ ಎಲ್ಲರಿಗಿಂತ ಕಡಿಮೆ. ಕೊನೆಯ ಪುಟದಲ್ಲಿ ಅವನೇ ಬರೆದಿದ್ದನ್ನು ನೋಡಿ ಕೊಟ್ಟದ್ದರಿಂದ ಅವನು ಕೇಳಲು ಬರಲಿಲ್ಲ.

ನಾನು ಬದಲಿಸಿಕೊಂಡದ್ದು

ನನ್ನ ಪಾಲಿನ ತಪ್ಪೂ ಇದರಲ್ಲಿದೆ. ಆಗಸ್ಟ್‌ನಿಂದ ಫೆಬ್ರವರಿಯವರೆಗೆ ನಾನು ನೋಡಿದ್ದು ಆ್ಯಪನ್ನು ಮಾತ್ರ. ನಾಲ್ವರ ಯಂತ್ರದಲ್ಲೂ ಅದು ಓಡುತ್ತದೆಯಾ ಅಂತ ಒಂದು ಸಲವೂ ಕೇಳಲಿಲ್ಲ. ಈಗ ಪ್ರತಿ ಗುಂಪಿಗೂ ಮೂರನೇ ವಾರದಲ್ಲಿ ಒಂದು ಸಣ್ಣ ಪರೀಕ್ಷೆ ಇಡುತ್ತೇನೆ: ಯಾರಾದರೂ ಒಬ್ಬರ ಲ್ಯಾಪ್‌ಟಾಪ್ ನಾನು ಆರಿಸುತ್ತೇನೆ, ಅದರಲ್ಲಿ ರೆಪೊ ಇಳಿಸಿ ಇಪ್ಪತ್ತು ನಿಮಿಷದಲ್ಲಿ ಓಡಿಸಿ ತೋರಿಸಬೇಕು. ಬಹಳ ಸಲ ಓಡುವುದಿಲ್ಲ. ಹಾಗೆ ಓಡದ ಯಂತ್ರದವರು ಆ ಹೊತ್ತಿಗೆ ಆಗಲೇ ಸುಮ್ಮನಾಗಿರುತ್ತಾರೆ. ಸಿನಾಪ್ಸಿಸ್‌ನಲ್ಲಿ 'ಬ್ಯಾಕೆಂಡ್, ಫ್ರಂಟೆಂಡ್, ಡೇಟಾಬೇಸ್, ಡಾಕ್ಯುಮೆಂಟೇಷನ್' ಅನ್ನುವ ಟೇಬಲ್ ಬಂದರೆ ವಾಪಸ್ ಕಳಿಸುತ್ತೇನೆ.

ನಿಜಕ್ಕೂ ಮಾಡದೆ ಇರುವವರಿಗೆ ಇದರಿಂದ ದೊಡ್ಡ ಪ್ರಯೋಜನ ಇಲ್ಲ. ವಿನಯ್‌ನ ದಾರಿಯಲ್ಲಿದ್ದ ಎರರ್ ತೆಗೆದ ಮೇಲೆ ಅವನು ಹನ್ನೊಂದು ಗಂಟೆ ಮಾಡಿದ, ಹದಿನಾರಲ್ಲ. ಆ ಐದು ಗಂಟೆಯನ್ನು ಯಾವ ಮೆಸೇಜೂ ತರುತ್ತಿರಲಿಲ್ಲ. ಅದು ಪೂರ್ಣಿಮಾಳ ರಾತ್ರಿಯಿಂದ ಹೋಗಲಿಲ್ಲ ಅನ್ನುವುದಷ್ಟೇ ಆದದ್ದು.

ಈ ವರ್ಷ ಅಕ್ಟೋಬರ್‌ನಲ್ಲಿ ಇನ್ನೊಂದು ಗುಂಪಿನ ಹುಡುಗ ಬಂದ. ಕೈಯಲ್ಲಿ ಫೋನ್, ಫೋನಲ್ಲಿ `shortlog` ಸ್ಕ್ರೀನ್‌ಶಾಟ್. 'ಸರ್, ನೋಡಿ, ನಾನು 90, ಉಳಿದವರು...' ಅಂತ ಶುರು ಮಾಡಿದ. ಗ್ರೂಪಿಗೆ ಹಾಕಿದ್ದೀಯಾ ಅಂತ ಕೇಳಿದೆ. ಇನ್ನೂ ಇಲ್ಲ ಅಂದ. ಡ್ರಾಯರ್‌ನಿಂದ ನಾಲ್ಕು ಚೀಟಿ ತೆಗೆದುಕೊಟ್ಟೆ.